ಎರಡು ಭಾಷೆಗಳಲ್ಲಿ ಒಂದು ಪ್ರಮಾಣ

ಊರಿನಲ್ಲಿರುವ ತಾಯಿಯೋ ತಂದೆಯೋ ಕನ್ನಡದಲ್ಲಿ ಮಾಡಿಕೊಟ್ಟ ಪ್ರಮಾಣಪತ್ರವನ್ನು, ಅಂದರೆ ಜನರ ಮಾತಿನ ಅಫಿಡವಿಟ್ಟನ್ನು, ಬ್ಯಾಂಕಿನ ದೂರದ ಕಚೇರಿಗೋ ಹೊರದೇಶದ ಅಧಿಕಾರಿಗೋ ಒಪ್ಪಿಸುವುದಕ್ಕಾಗಿ ಇಂಗ್ಲಿಷಿಗೆ ತರಿಸಿದ ಮೇಲೆ, ಆ ಎರಡು ಪ್ರತಿಗಳೂ ಒಂದನ್ನೊಂದು ಹೋಲುತ್ತವೆಯೆಂಬುದನ್ನು ನೋಡಬೇಕಾದವರು ಯಾರು, ಹೇಗೆ ನೋಡಬೇಕು ಎಂಬ ಪ್ರಶ್ನೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಬರೆಯುವವರಲ್ಲಿ ಬಹುಮಂದಿ ತಮ್ಮ ಕಾಗದ ತಿರಸ್ಕೃತವಾಗಿ ಹಿಂದಿರುಗಿದ ಮೇಲೆಯೇ ಬರೆಯುತ್ತಾರೆ. ಮತ್ತು ಅವರಲ್ಲಿ ಹೆಚ್ಚಿನವರು ‘ನೋಟರಿಯವರ ಮೊಹರು ಇದೆಯಲ್ಲ, ಇನ್ನೇನು ಬೇಕಿತ್ತು?’ ಎಂದು ಕೇಳುತ್ತಾರೆ. ಈ ವಿಷಯವನ್ನು ಬಿಡಿಸಿ ಹೇಳಬೇಕಾದರೆ ಆ ಮೊಹರಿನಿಂದಲೇ ಆರಂಭಿಸಬೇಕು.

1952ರ ನೋಟರಿಗಳ ಅಧಿನಿಯಮದ 8ನೆಯ ಪ್ರಕರಣವು ನೋಟರಿಗೆ ಅನೇಕ ಕಾರ್ಯಗಳನ್ನು ವಹಿಸಿಕೊಟ್ಟಿದೆ. ಪ್ರಮಾಣವಚನ ಬೋಧಿಸಿ ಅಫಿಡವಿಟ್ ತೆಗೆದುಕೊಳ್ಳುವುದು ಅವುಗಳಲ್ಲಿ ಒಂದು; ಒಂದು ಭಾಷೆಯ ದಸ್ತಾವೇಜನ್ನು ಇನ್ನೊಂದಕ್ಕೆ ಅನುವಾದಿಸುವುದು ಮತ್ತು ಅಂತಹ ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವುದು ಮತ್ತೊಂದು. ಇವೆರಡೂ ಒಂದೇ ಮೇಜಿನ ಮೇಲೆ, ಒಂದೇ ಮೊಹರಿನಿಂದ ನಡೆಯಬಹುದಾದರೂ ಬೇರೆ ಬೇರೆ ಕಾರ್ಯಗಳು. ನಿಮ್ಮ ತಾಯಿಯ ಕನ್ನಡ ಪ್ರಮಾಣಪತ್ರದ ಮೇಲೆ ಬಿದ್ದ ಮೊಹರು, ಆಕೆ ಆ ದಿನ ಅಲ್ಲಿಗೆ ಬಂದು, ಪ್ರಮಾಣಪೂರ್ವಕವಾಗಿ ಹೇಳಿ, ರುಜು ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದಳೆಂಬುದಕ್ಕೆ ಸಾಕ್ಷಿಯೇ ಹೊರತು, ಆಕೆ ಹೇಳಿದ ಸರ್ವೆ ನಂಬರು ಸರಿಯೆಂಬುದಕ್ಕಾಗಲಿ, ಮುಂದೆ ತಯಾರಾದ ಇಂಗ್ಲಿಷ್ ಪ್ರತಿಯಲ್ಲಿ ಅದೇ ನಂಬರು ಇದೆಯೆಂಬುದಕ್ಕಾಗಲಿ ಸಾಕ್ಷಿಯಲ್ಲ. ಹೊರದೇಶಕ್ಕೆ ಹೋಗುವ ಕಾಗದಗಳ ಮೇಲೆ ಅಂಟಿಸುವ ಅಪೊಸ್ಟಿಲ್ ಮುದ್ರೆಯ ಕಥೆಯೂ ಇದೇ. 1961ರ ಹೇಗ್ ಒಪ್ಪಂದದಂತೆ, ನಮ್ಮ ದೇಶದ ಮಟ್ಟಿಗೆ 2005ರ ಜುಲೈ 14ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆ ಸಹಿಯೂ ಮೊಹರೂ ನಿಜವಾದವು, ಸಹಿ ಮಾಡಿದವರಿಗೆ ಆ ಅಧಿಕಾರವಿತ್ತು ಎಂಬಷ್ಟನ್ನೇ ಹೇಳುತ್ತದೆ. ಒಳಗಿನ ಒಕ್ಕಣೆಯ ಕಡೆಗೆ ಅದು ದೃಷ್ಟಿ ಹರಿಸುವುದೇ ಇಲ್ಲ. ಹೀಗೆ ಮೊಹರಿನ ಮೇಲೆ ಮೊಹರು ಬೀಳುತ್ತ ಹೋದರೂ ಒಕ್ಕಣೆಯನ್ನು ಅಕ್ಷರಶಃ ತಾಳೆ ನೋಡುವ ಕೆಲಸ, ನೋಟರಿಯಿಂದ ಅನುವಾದದ ದೃಢೀಕರಣವನ್ನು ಪ್ರತ್ಯೇಕವಾಗಿ ಕೋರಿ ಪಡೆದ ಹೊರತು, ಯಾರ ಪಾಲಿಗೂ ಬೀಳದೆ ಉಳಿದುಬಿಡುವುದು ಸಾಧ್ಯ. ಆದುದರಿಂದ ಅದನ್ನು ಪ್ರಮಾಣ ಮಾಡುವವರೂ ಅವರ ಮನೆಯವರೂ ತಾವೇ ಕೈಗೆತ್ತಿಕೊಳ್ಳುವುದು ಕ್ಷೇಮವೆಂದು ನಾನು ಯಾವಾಗಲೂ ಹೇಳುತ್ತ ಬಂದಿದ್ದೇನೆ.

ವಿವರಣೆಗೆ ಒಂದು ಉದಾಹರಣೆ ಬೇಕು. ನ್ಯಾಯಾಲಯದ ಆವರಣಗಳಲ್ಲಿ ನಾನು ಕಂಡ ಅನೇಕ ಕಾಗದಗಳ ಲಕ್ಷಣಗಳನ್ನು ಕೂಡಿಸಿ ಕಲ್ಪಿಸಿಕೊಂಡ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಹಳೆಯ ಮೈಸೂರು ಪ್ರಾಂತದ ಹೊಸಹಳ್ಳಿಯೆಂಬ ಗ್ರಾಮದ ಸಿದ್ಧಲಿಂಗೇಗೌಡರು ತೀರಿಕೊಂಡಿದ್ದಾರೆ. ಅವರ ಪತ್ನಿ ಲಕ್ಷ್ಮೀದೇವಮ್ಮನವರು ತಮ್ಮ ಗಂಡನಿಗೆ ತಾನೂ, ಮಗ ರವೀಂದ್ರನೂ, ಮಗಳು ಲತಾಳೂ ಮಾತ್ರವೇ ವಾರಸುದಾರರೆಂದು ಕನ್ನಡದಲ್ಲಿ ಪ್ರಮಾಣಪತ್ರ ಮಾಡಿಕೊಡುತ್ತಾರೆ. ಜಮೀನಿನ ಪೌತಿ ಖಾತೆಗಾಗಿ ಕನ್ನಡದ ಪ್ರತಿಯೇ ತಾಲ್ಲೂಕು ಕಚೇರಿಗೆ ಸಲ್ಲುತ್ತದೆ. ಬ್ಯಾಂಕಿನಲ್ಲಿರುವ ಠೇವಣಿಯ ಹಣ ಕೈಸೇರಬೇಕಾದರೆ, ಅರ್ಜಿಯನ್ನು ಪರಿಶೀಲಿಸುವ ಕಚೇರಿ ಪರರಾಜ್ಯದಲ್ಲಿರುವುದರಿಂದ, ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಆರು ಕಂಡಿಕೆಗಳ, ಎರಡು ಪುಟಗಳ ಚಿಕ್ಕ ಕಾಗದ. ಇದರೊಳಗೆ ಎಷ್ಟು ಕಡೆಗಳಲ್ಲಿ ಎರಡು ಭಾಷೆಗಳು ಕೈಬಿಟ್ಟು ದೂರ ಸರಿಯಬಲ್ಲವೆಂಬುದನ್ನು ನೋಡಿದವರಿಗೆ ಆಶ್ಚರ್ಯವಾಗದಿರದು.

ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಹೋಲಿಸಲು ತೊಡಗುವುದೇ ಸಾಮಾನ್ಯ ಪದ್ಧತಿ. ಆದರೆ ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಹೆಜ್ಜೆ. ಅದಕ್ಕಿಂತ ಮುಂಚೆ ಕನ್ನಡದ ಮೂಲವನ್ನೇ ಏಕಾಂತವಾಗಿ ಓದಿ, ಅದು ತನ್ನೊಳಗೆ ತಾನು ಒಪ್ಪುತ್ತದೆಯೆ, ಮತ್ತು ಅದಕ್ಕೆ ಆಧಾರವಾದ ಮರಣ ಪ್ರಮಾಣಪತ್ರ, ಪಹಣಿ, ಪಾಸ್‌ಬುಕ್ಕು, ಆಧಾರ್ ಕಾರ್ಡು ಇವುಗಳೊಡನೆ ಒಪ್ಪುತ್ತದೆಯೆ ಎಂಬುದನ್ನು ನೋಡತಕ್ಕದ್ದು. ಶೀರ್ಷಭಾಗದಲ್ಲಿ ‘ಲಕ್ಷ್ಮೀದೇವಮ್ಮ’ ಎಂದು ದೀರ್ಘವಾಗಿ ಆರಂಭವಾದವರು ನಾಲ್ಕನೆಯ ಕಂಡಿಕೆಯಲ್ಲಿ ‘ಲಕ್ಷ್ಮಿದೇವಮ್ಮ’ ಎಂದು ಹ್ರಸ್ವವಾಗಿ, ರುಜುವಿನ ಕೆಳಗೆ ‘ಲಕ್ಷ್ಮಿ ದೇವಮ್ಮ’ ಎಂದು ಎರಡು ಪದಗಳಾಗಿ ಮುಗಿದರೆ, ಅನುವಾದಕ ಮೂರರಲ್ಲಿ ಯಾವುದನ್ನು ಹಿಡಿಯಬೇಕು? ಅವನು ಪ್ರಾಮಾಣಿಕನಾಗಿದ್ದರೆ ಮೂರನ್ನೂ ಮೂರು ಬಗೆಯಾಗಿಯೇ ಬರೆದಾನು. ಸೌಕರ್ಯಪ್ರಿಯನಾಗಿದ್ದರೆ ಮೂರನ್ನೂ ಒಂದು ಮಾಡಿಯಾನು. ಎರಡರಿಂದಲೂ ನಮಗೆ ತೊಂದರೆಯೇ. ಇಲ್ಲಿ ಒಂದು ತತ್ತ್ವವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೂಲದಲ್ಲಿ ತಪ್ಪಿದ್ದರೆ ಅನುವಾದಕನು ಅದನ್ನು ಅನುವಾದದಲ್ಲಿ ಸದ್ದಿಲ್ಲದೆ ತಿದ್ದಬಾರದು. ಪಹಣಿಯಲ್ಲಿ ೬೯ ಎಂದಿರುವ ಸರ್ವೆ ನಂಬರು ಕನ್ನಡ ಪ್ರಮಾಣಪತ್ರದಲ್ಲಿ ೬೬ ಎಂದು ಬಿದ್ದಿದ್ದು, ಅನುವಾದಕನು ಪಹಣಿಯನ್ನು ನೋಡಿ ಇಂಗ್ಲಿಷಿನಲ್ಲಿ 69 ಎಂದು ಸರಿಯಾಗಿ ಬರೆದನೆನ್ನಿ. ಲಕ್ಷ್ಮೀದೇವಮ್ಮನವರು ಪ್ರಮಾಣ ಮಾಡಿದ್ದು ಕನ್ನಡದ ಒಕ್ಕಣೆಗೆ ಆದುದರಿಂದ, ಈಗ ಅವರು ಪ್ರಮಾಣ ಮಾಡಿ ಹೇಳಿದ್ದು ತಪ್ಪು, ಹೇಳದೆ ಇರುವುದು ಸರಿ ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ತಿದ್ದುವುದಾದರೆ ಮೂಲವನ್ನೇ ತಿದ್ದಬೇಕು, ಅದೂ ಪ್ರಮಾಣ ಮಾಡುವುದಕ್ಕೆ ಮುಂಚೆ. ಆದುದರಿಂದಲೇ, ಅನುವಾದ ಬೇಕಾಗುವುದೆಂದು ಮೊದಲೇ ತಿಳಿದಿರುವವರು ಎರಡು ಕರಡುಗಳನ್ನೂ ಸಿದ್ಧಪಡಿಸಿಕೊಂಡು, ತಾಳೆ ನೋಡಿ ಮುಗಿಸಿದ ಬಳಿಕವೇ ನೋಟರಿಯವರ ಬಳಿಗೆ ಹೋಗುವುದು ಲೇಸು.

ಇನ್ನು ಹೆಸರುಗಳ ವಿಚಾರ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದಕ್ಕೆ ಏಕೈಕ ಮಾರ್ಗವೆಂಬುದಿಲ್ಲ. ಲಕ್ಷ್ಮಿಯನ್ನು ಕೆಲವರು ‘ಕೆ, ಎಸ್, ಎಚ್’ ಎಂದು ಮೂರು ಅಕ್ಷರಗಳಿಂದಲೂ, ಕೆಲವರು ಒಂದೇ ‘ಎಕ್ಸ್’ನಿಂದಲೂ ಬರೆಯುವರು, ಲತಾ ಎಂಬಲ್ಲಿಯ ತಕಾರಕ್ಕೆ ನಮ್ಮಲ್ಲಿ ‘ಟಿ’ಯ ಬಳಿಕ ‘ಎಚ್’ ಹಾಕುವವರು ಬಹಳ, ಹಾಕದವರೂ ಇದ್ದಾರೆ, ಗೌಡ ಎಂಬುದಕ್ಕೆ ತೆಂಕಣವರು ‘ಓ, ಡಬ್ಲ್ಯೂ’ ಎಂದೂ, ಬಡಗಣವರಲ್ಲಿ ಅನೇಕರು ‘ಓ, ಯು’ ಎಂದೂ ಬರೆಯುತ್ತಾರೆ, ಸಿದ್ಧಲಿಂಗೇಗೌಡ ಎಂಬ ದೀರ್ಘನಾಮವು ಒಂದೇ ಪದವೋ, ಗೌಡ ಎಂಬುದು ಬೇರ್ಪಟ್ಟ ಎರಡು ಪದವೋ ಎಂಬುದು ಪಾಸ್‌ಬುಕ್ಕನ್ನು ತೆರೆದವನ ಮರ್ಜಿಯನ್ನು ಅನುಸರಿಸಿರುತ್ತದೆ. ಇವುಗಳಲ್ಲಿ ಯಾವುದು ಶುದ್ಧ, ಯಾವುದು ಅಶುದ್ಧ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಕಾಗುಣಿತದ ಜ್ಞಾನದಿಂದಾಗಲಿ ಕಿವಿಯ ಸಾಕ್ಷ್ಯದಿಂದಾಗಲಿ ಹೆಸರನ್ನು ಇಂಗ್ಲಿಷಿಗೆ ತರತಕ್ಕದ್ದಲ್ಲ. ಆ ವ್ಯಕ್ತಿಯ ಹೆಸರು ಇಂಗ್ಲಿಷಿನಲ್ಲಿ ಈಗಾಗಲೇ ಯಾವ ದಾಖಲೆಯಲ್ಲಿ ಹೇಗಿದೆಯೋ, ಮತ್ತು ಕಾಗದವನ್ನು ಸ್ವೀಕರಿಸುವ ಕಚೇರಿ ಯಾವ ದಾಖಲೆಯೊಡನೆ ಹೋಲಿಸಿ ನೋಡುವುದೋ, ಅದರಿಂದ ಅಕ್ಷರ ಅಕ್ಷರವಾಗಿ ಎತ್ತಿ ಬರೆಯತಕ್ಕದ್ದು. ಬ್ಯಾಂಕಿನ ಕೆಲಸಕ್ಕೆ ಸತ್ತವರ ಹೆಸರು ಪಾಸ್‌ಬುಕ್ಕಿನಲ್ಲಿರುವಂತೆಯೂ, ವಾರಸುದಾರರ ಹೆಸರು ಅವರವರ ಗುರುತಿನ ಚೀಟಿಯಲ್ಲಿರುವಂತೆಯೂ ಇರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಕಾರ್ಡು ಮೊದಲಾದವುಗಳಲ್ಲಿ ಒಂದೇ ಹೆಸರು ಎರಡು ಲಿಪಿಗಳಲ್ಲಿಯೂ ದೊರೆಯುವುದರಿಂದ ಅವು ಈ ಕಾರ್ಯಕ್ಕೆ ಬಹಳ ಉಪಯುಕ್ತ. ಆದರೆ ಒಂದೇ ಕಾರ್ಡಿನ ಕನ್ನಡವೂ ಇಂಗ್ಲಿಷೂ ಪರಸ್ಪರ ಹೊಂದದಿರುವುದೂ ಉಂಟಾದ ಕಾರಣ, ಎರಡು ಸಾಲುಗಳನ್ನೂ ಪ್ರತ್ಯೇಕವಾಗಿ ನೋಡಬೇಕೇ ಹೊರತು ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಾರದು.

ಇದಲ್ಲದೆ, ನಮ್ಮ ಭಾಷೆಯ ವಿಭಕ್ತಿಪ್ರತ್ಯಯಗಳು ಹೆಸರಿನ ಮೈಗೆ ಅಂಟಿಕೊಂಡು ನಿಲ್ಲುವುದರಿಂದ ಹುಟ್ಟುವ ತಪ್ಪುಗಳಿವೆ. ಕನ್ನಡವನ್ನು ಅರೆಯಾಗಿ ಬಲ್ಲ ಅನುವಾದಕರ ಕೈಯಲ್ಲಿ ಇವು ಧಾರಾಳವಾಗಿ ಸಂಭವಿಸುತ್ತವೆ. ‘ರವೀಂದ್ರನ ಪಾಲಿಗೆ’ ಎಂಬಲ್ಲಿಯ ಷಷ್ಠಿಯ ನಕಾರವು ಹೆಸರಿನೊಳಗೆ ಸೇರಿಕೊಂಡು, ರವೀಂದ್ರನು ಇಂಗ್ಲಿಷಿನಲ್ಲಿ ‘ರವೀಂದ್ರನ್’ ಆಗಿ ನೆರೆನಾಡಿನವನಾಗಿಬಿಡುತ್ತಾನೆ. ‘ಸಿದ್ಧಲಿಂಗೇಗೌಡರು’ ಎಂಬಲ್ಲಿಯ ಗೌರವಸೂಚಕ ಬಹುವಚನ ಹೆಸರಿನ ಅಂಗವಾಗಿ ಮುದ್ರಿತವಾಗುತ್ತದೆ. ದಸ್ತಾವೇಜುಗಳ ಕನ್ನಡದಲ್ಲಿ ಮಗನೆಂಬುದಕ್ಕೆ ‘ಬಿನ್’ ಎಂದೂ, ಹೆಂಡತಿಯೆಂಬುದಕ್ಕೆ ‘ಕೋಂ’ ಎಂದೂ ಬರೆಯುವ ಹಳೆಯ ರೂಢಿ ಇನ್ನೂ ಬಾಳುತ್ತಿದೆಯಷ್ಟೆ. ‘ಲಕ್ಷ್ಮೀದೇವಮ್ಮ ಕೋಂ ಸಿದ್ಧಲಿಂಗೇಗೌಡ’ ಎಂಬುದರಲ್ಲಿ ಇಬ್ಬರಿದ್ದಾರೆಂಬುದನ್ನು ಅರಿಯದೆ, ಇಡೀ ಸಾಲನ್ನು ಒಬ್ಬಳ ಹೆಸರೆಂದು ಭಾವಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಇಳಿಸಿದ ಪ್ರತಿಯನ್ನು ನಾನು ನೋಡಿದ್ದೇನೆ. ಆ ಒಂದು ಅಜ್ಞಾನದಿಂದ ಗಂಡನೂ ಇಲ್ಲ, ಸಂಬಂಧವೂ ಇಲ್ಲ. ಅನುವಾದವನ್ನು ಪರೀಕ್ಷಿಸುವವರು ಹೆಸರಿನ ಸುತ್ತಣ ಇಂತಹ ಚಿಕ್ಕ ಪದಗಳನ್ನು, ‘ಉರುಫ್’ ಎಂಬುದನ್ನೂ ಸೇರಿಸಿಕೊಂಡು, ಒಂದೊಂದಾಗಿ ಗುರುತಿಸಿ, ಇಂಗ್ಲಿಷಿನಲ್ಲಿ ಅವು ಅರ್ಥವಾಗಿ ಬಂದಿವೆಯೋ ಬರಿಯ ಸದ್ದಾಗಿ ಬಂದಿವೆಯೋ ಎಂಬುದನ್ನು ನೋಡಬೇಕು.

ಹೆಸರುಗಳ ವಿಷಯದಲ್ಲಿ ಅತ್ಯಂತ ಸೂಕ್ಷ್ಮವೂ, ಹೀಗಿದ್ದೂ ಬಹುಮಂದಿಯ ಗಮನಕ್ಕೆ ಬಾರದುದೂ ಆದ ಒಂದು ಸಂಗತಿಗೆ ಈಗ ಬರುತ್ತೇನೆ. ದಾಖಲೆಗಳಲ್ಲಿ ಹೆಸರು ಬೇರೆ ಬೇರೆಯಾಗಿರುವಾಗ ‘ಈ ಎರಡು ಹೆಸರುಗಳಿಂದ ಸೂಚಿತರಾದವರು ಒಬ್ಬರೇ’ ಎಂದು ಪ್ರಮಾಣ ಮಾಡುವ ಕಂಡಿಕೆ ಇಂತಹ ಕಾಗದಗಳಲ್ಲಿ ಇರುವುದು ವಾಡಿಕೆ. ಲತಾಳ ಹೆಸರು ಅಂಕಪಟ್ಟಿಯಲ್ಲಿ ‘ಎಚ್’ ಸಹಿತವಾಗಿಯೂ, ಪಾಸ್‌ಪೋರ್ಟಿನಲ್ಲಿ ‘ಎಚ್’ ರಹಿತವಾಗಿಯೂ ಇದೆಯೆಂದು ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಯೋಚಿಸಿ ಬರೆದ ಈ ವಾಕ್ಯವನ್ನು ಕನ್ನಡ ಲಿಪಿಗೆ ತಂದ ಕೂಡಲೆ ಅದು ‘ಲತಾ ಮತ್ತು ಲತಾ ಎಂಬ ಎರಡು ಹೆಸರುಗಳೂ ನನ್ನ ಮಗಳವೇ’ ಎಂದಾಗುತ್ತದೆ. ಯಾವ ಭೇದವನ್ನು ಪರಿಹರಿಸಲೆಂದು ಆ ತಾಯಿ ಪ್ರಮಾಣ ಮಾಡಿದಳೋ ಆ ಭೇದವೇ ಆಕೆಯ ಪ್ರಮಾಣದಲ್ಲಿ ಇಲ್ಲ. ಇದರ ವಿಪರೀತವೂ ಅಷ್ಟೇ ಸಹಜ. ಪಹಣಿಯಲ್ಲಿ ‘ಕಾಳಪ್ಪ’ ಎಂದೂ, ಖಾತೆಯಲ್ಲಿ ‘ಕಾಲಪ್ಪ’ ಎಂದೂ ಇರುವ ಅಜ್ಜನೊಬ್ಬನ ಹೆಸರನ್ನು ಒಂದೆನ್ನಲು ಮಾಡಿದ ಕನ್ನಡ ಪ್ರಮಾಣವು ಇಂಗ್ಲಿಷಿಗೆ ಹೋದಾಗ, ಅಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರವಿರುವ ಕಾರಣ, ಎರಡು ಹೆಸರುಗಳೂ ಒಂದೇ ರೂಪದಲ್ಲಿ ಕಾಣಿಸಿ, ಓದಿದ ಅಧಿಕಾರಿ ‘ಇದರಲ್ಲಿ ಪರಿಹರಿಸತಕ್ಕದ್ದೇನಿದೆ?’ ಎಂದು ವಿಸ್ಮಯಪಡುತ್ತಾನೆ. ನಕಾರ ಣಕಾರಗಳಲ್ಲಿ, ತಕಾರ ಟಕಾರಗಳಲ್ಲಿ, ಹ್ರಸ್ವದೀರ್ಘಗಳಲ್ಲಿ ಇದೇ ಅವಸ್ಥೆ. ಪ್ರತಿಗಳೆರಡನ್ನೂ ಎಷ್ಟು ಎಚ್ಚರಿಕೆಯಿಂದ ಹೋಲಿಸಿದರೂ ಇಲ್ಲಿ ತಪ್ಪು ಸಿಕ್ಕುವುದಿಲ್ಲ, ಏಕೆಂದರೆ ಅನುವಾದ ಸರಿಯಾಗಿಯೇ ಇದೆ. ಪರಿಹಾರ ಒಂದೇ: ಈ ಕಂಡಿಕೆಯಲ್ಲಿ ಮಾತ್ರ ಹೆಸರನ್ನು ಅದು ಯಾವ ದಾಖಲೆಯಲ್ಲಿ ಯಾವ ಲಿಪಿಯಲ್ಲಿದೆಯೋ ಆ ಲಿಪಿಯಲ್ಲಿಯೇ, ಉದ್ಧರಣ ಚಿಹ್ನೆಗಳ ನಡುವೆ, ಎರಡು ಪ್ರತಿಗಳಲ್ಲಿಯೂ ಇಡುವುದು, ಪಕ್ಕದಲ್ಲಿ ಆ ದಾಖಲೆಯ ಹೆಸರನ್ನೂ ಸಂಖ್ಯೆಯನ್ನೂ ಹೇಳುವುದು. ಕನ್ನಡ ಪ್ರಮಾಣಪತ್ರದ ನಡುವೆ ಇಂಗ್ಲಿಷ್ ಅಕ್ಷರಗಳು ಬಂದರೆ ಭಾಷೆ ಕೆಡುವುದೆಂದು ಆಕ್ಷೇಪಿಸಿದ ಪತ್ರ ಬರಹಗಾರರುಂಟು. ಅವರ ಭಾಷಾಭಿಮಾನವನ್ನು ಗೌರವಿಸುತ್ತಲೇ, ಇಲ್ಲಿ ಆ ಅಕ್ಷರಗಳು ಭಾಷೆಯಾಗಿ ಬಂದಿಲ್ಲ, ದಾಖಲೆಯಲ್ಲಿರುವ ಚಿತ್ರದ ಪ್ರತಿಕೃತಿಯಾಗಿ ಬಂದಿವೆಯೆಂದು ನಾನು ವಿನಯಪೂರ್ವಕವಾಗಿ ಹೇಳಬಯಸುತ್ತೇನೆ.

ಅಂಕಿಗಳು ಭಾಷೆಗೆ ಅತೀತವೆಂಬ ನಂಬಿಕೆ ಸಾರ್ವತ್ರಿಕವಾದುದು. ಅದೇ ಕಾರಣದಿಂದ ಅವುಗಳ ಮೇಲೆ ಕಣ್ಣು ಬೇಗ ಜಾರಿಹೋಗುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದ ಮೂಲವನ್ನು ಅನುವಾದಿಸುವಾಗ ೬ ಮತ್ತು ೯ ಒಂದಕ್ಕೊಂದು ಬದಲಾಗುವುದು ಅತಿ ಸಾಮಾನ್ಯ; ಮಸಿ ಮಾಸಿದ ಪ್ರತಿಯಲ್ಲಿ ೧ ಸೊನ್ನೆಯಂತೆ ಕಾಣುತ್ತದೆ; ಕನ್ನಡ ಅಂಕಿಗಳ ಅಭ್ಯಾಸ ತಪ್ಪಿದ ಹೊಸ ತಲೆಮಾರಿನ ಕಣ್ಣಿಗೆ ೭ ಎಂಬುದು 2ರಂತೆ ತೋರುವುದೂ ಉಂಟು. ಆದರೆ ಅಂಕಿಗಳೆಲ್ಲ ಸರಿಯಾಗಿ ಬಂದಿದ್ದೂ ಸಂಖ್ಯೆ ತಪ್ಪಾಗುವ ಒಂದು ಸನ್ನಿವೇಶವನ್ನು ವಿಶೇಷವಾಗಿ ಗಮನಿಸಬೇಕು. ಸಿದ್ಧಲಿಂಗೇಗೌಡರ ಜಮೀನು ಎರಡು ಎಕರೆ ಹದಿನಾಲ್ಕು ಗುಂಟೆ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳನ್ನು ಚುಕ್ಕೆಗಳಿಂದ ಬೇರ್ಪಡಿಸಿ 2.14.00 ಎಂಬ ರೀತಿಯಲ್ಲಿ ತೋರಿಸುವರು. ಪ್ರಮಾಣಪತ್ರದ ಬರಹಗಾರ ಅದನ್ನು ‘2.14 ಎಕರೆ’ ಎಂದು ಸಂಕ್ಷೇಪಿಸುತ್ತಾನೆ. ಅನುವಾದಕ ಅದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸುತ್ತಾನೆ. ಊರಿನ ಶಾನುಭೋಗರ ಮನೆತನದವರು ಓದಿದರೆ ಹದಿನಾಲ್ಕು ಗುಂಟೆಯೆಂದೇ ತಿಳಿದಾರು. ಆದರೆ ಗುಂಟೆಯ ಹೆಸರನ್ನೇ ಕೇಳದ ಓದುಗನಿಗೆ ಅದು ದಶಮಾಂಶದ ಚುಕ್ಕೆ. ಎರಡು ಎಕರೆ ಮತ್ತು ನೂರರಲ್ಲಿ ಹದಿನಾಲ್ಕು ಪಾಲು. ಒಂದು ಎಕರೆಗೆ ನಲವತ್ತು ಗುಂಟೆಯಾದುದರಿಂದ ಹದಿನಾಲ್ಕು ಗುಂಟೆಯೆಂದರೆ ಎಕರೆಯ ನೂರರಲ್ಲಿ ಮೂವತ್ತೈದು ಪಾಲು. ದಶಮಾಂಶದಲ್ಲಿ ಹೇಳುವುದಾದರೆ ಜಮೀನು 2.35 ಎಕರೆ. 2.14 ಎಕರೆಯೆಂದು ಓದಿದವನ ಲೆಕ್ಕದಲ್ಲಿ ಅದು ಎರಡು ಎಕರೆ ಐದೂವರೆ ಗುಂಟೆಗೆ ಸ್ವಲ್ಪ ಮೇಲೆ. ಹೀಗೆ ಎಂಟು ಗುಂಟೆಗೂ ಮಿಕ್ಕ ಭೂಮಿ, ಗುಂಟೆಯೊಂದಕ್ಕೆ 1,089 ಚದರಡಿಯಂತೆ ಒಂಬತ್ತು ಸಾವಿರ ಚದರಡಿಗೂ ಹೆಚ್ಚು, ಒಂದು ಚುಕ್ಕೆಯೊಳಗೆ ಕಾಣೆಯಾಯಿತು. ಎರಡು ಪ್ರತಿಗಳಲ್ಲಿಯೂ ‘2 ಎಕರೆ 14 ಗುಂಟೆ’ ಎಂದು ಮಾನದ ಹೆಸರನ್ನು ಪೂರ್ಣವಾಗಿ ಬರೆದು, ಇಂಗ್ಲಿಷಿನಲ್ಲಿ ಗುಂಟೆಯನ್ನು ಗುಂಟೆಯೆಂದೇ ಉಳಿಸಿ, ಬೇಕಾದರೆ ನಲವತ್ತಕ್ಕೆ ಒಂದು ಎಕರೆ ಎಂಬ ವಿವರಣೆಯನ್ನು ಅನುವಾದಕನ ಟಿಪ್ಪಣಿಯಾಗಿ ಕೊಡುವುದು ಯುಕ್ತ.

ಠೇವಣಿಯ ಮೊತ್ತ 4,75,000 ರೂಪಾಯಿ ಎಂದಿರಲಿ. ಅದನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವ ಪದ್ಧತಿ ಬಹಳ ಒಳ್ಳೆಯದು. ಆದರೆ ಪರೀಕ್ಷಿಸುವವರು ಅಂಕಿಯನ್ನು ಅಂಕಿಯೊಡನೆ ಹೋಲಿಸಿ ತೃಪ್ತರಾಗುತ್ತಾರೆ, ಅಕ್ಷರಗಳನ್ನು ಓದುವುದಿಲ್ಲ. ಗಟ್ಟಿಯಾಗಿ ಓದಿಸಿ ಕೇಳುವಾಗ ಎಪ್ಪತ್ತೈದು, ಎಂಬತ್ತೈದು ಎಂಬವು ಕಿವಿಗೆ ಸಮೀಪವಾಗಿರುವುದರಿಂದ, ಬೆರಳಚ್ಚು ಮಾಡುವವನಿಗೆ ಬಾಯಿಯಿಂದ ಹೇಳಿ ಬರೆಯಿಸಿದ ಪ್ರತಿಯಲ್ಲಿ ಅಂಕಿ ಒಂದು, ಅಕ್ಷರ ಇನ್ನೊಂದು ಆಗಿರುವ ಸಂಭವವುಂಟು. ಆದುದರಿಂದ ನಾಲ್ಕು ರೂಪಗಳನ್ನೂ, ಅಂದರೆ ಕನ್ನಡದ ಅಂಕಿ, ಕನ್ನಡದ ಅಕ್ಷರ, ಇಂಗ್ಲಿಷಿನ ಅಂಕಿ, ಇಂಗ್ಲಿಷಿನ ಅಕ್ಷರ ಇವನ್ನು, ಪಾಸ್‌ಬುಕ್ಕಿನ ಅಥವಾ ಠೇವಣಿ ರಸೀದಿಯ ಮೊತ್ತದೊಡನೆ ಒಂದೊಂದಾಗಿ ಹಿಡಿದು ನೋಡಬೇಕು. ಖಾತೆಯ ಸಂಖ್ಯೆಯಂತಹ ದೀರ್ಘ ಅಂಕಿಸಾಲುಗಳನ್ನು ಒಂದೊಂದೇ ಅಂಕಿಯಾಗಿ ಉಚ್ಚರಿಸಿ, ಮೊದಲಿನಿಂದ ಕೊನೆಗೆ ಒಮ್ಮೆ, ಕೊನೆಯಿಂದ ಮೊದಲಿಗೆ ಇನ್ನೊಮ್ಮೆ ಓದಿದರೆ, ಅಭ್ಯಾಸಬಲದಿಂದ ನಾಲಿಗೆ ತಾನಾಗಿ ತುಂಬಿಬಿಡುವ ಅಂಕಿಗಳು ಹೊರಬೀಳುತ್ತವೆ. ಒಟ್ಟು ಅಂಕಿಗಳೆಷ್ಟೆಂದು ಎಣಿಸಿದರೆ ಆರಂಭದಲ್ಲಿದ್ದು ಬಿಟ್ಟುಹೋದ ಸೊನ್ನೆಗಳೂ ತಿಳಿಯುತ್ತವೆ.

ತೇದಿಗಳಲ್ಲಿರುವ ಅಪಾಯ ಮತ್ತೊಂದು ಬಗೆಯದು. ಸಿದ್ಧಲಿಂಗೇಗೌಡರು ತೀರಿಕೊಂಡದ್ದು 7-4-2022ರಂದು. ಮರಣದ ನೋಂದಣಿಯಾದದ್ದು 19-4-2022ರಂದು. ನಾವು ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆಯುವವರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವವರು. ಅನುವಾದಕನು ಬಳಸುವ ಗಣಕಯಂತ್ರದ ತಂತ್ರಾಂಶ ಅವರ ಪದ್ಧತಿಗೆ ಹೊಂದಿಸಲ್ಪಟ್ಟಿದ್ದರೆ ಏಪ್ರಿಲ್ 7 ಎಂಬುದು ಜುಲೈ 4 ಆಗಿ ಹೊರಬರಬಹುದು. ಹತ್ತೊಂಬತ್ತನೆಯ ತಿಂಗಳೆಂಬುದಿಲ್ಲವಾದುದರಿಂದ ನೋಂದಣಿಯ ತೇದಿ ಕೆಡದೆ ಉಳಿಯುತ್ತದೆ. ಹಾಗಾದಾಗ ಇಂಗ್ಲಿಷ್ ಪ್ರತಿಯನ್ನು ಓದಿದವನಿಗೆ ಕಾಣುವುದೇನು? ಏಪ್ರಿಲಿನಲ್ಲಿ ನೋಂದಣಿಯಾದ ಮರಣವು ಜುಲೈನಲ್ಲಿ ಸಂಭವಿಸಿದೆ! ಹನ್ನೆರಡು ಮತ್ತು ಅದಕ್ಕಿಂತ ಕೆಳಗಿನ ದಿನಗಳೇ ಈ ಪಲ್ಲಟಕ್ಕೆ ಗುರಿಯಾಗುವಂಥವು. ಆದುದರಿಂದ ಕಾಗದದಲ್ಲಿ ಹನ್ನೆರಡಕ್ಕೆ ಮೇಲ್ಪಟ್ಟ ದಿನಗಳೆಲ್ಲ ಸರಿಯಾಗಿವೆಯೆಂಬುದರಿಂದ ಮಿಕ್ಕವೂ ಸರಿಯೆಂದು ನಿಶ್ಚಯಿಸಲಾಗದು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಈ ತೊಡಕು ಬುಡಸಹಿತ ಹೋಗುತ್ತದೆ. ಅದರ ಜೊತೆಗೆ, ಮರಣ ಪ್ರಮಾಣಪತ್ರದಲ್ಲಿ ಮರಣದ ತೇದಿ, ನೋಂದಣಿಯ ತೇದಿ, ಪ್ರತಿ ಕೊಟ್ಟ ತೇದಿ ಎಂದು ಮೂರು ಇರುವುದರಿಂದ, ಇಂಗ್ಲಿಷಿನಲ್ಲಿ ಯಾವುದರ ಹೆಸರು ಯಾವುದಕ್ಕೆ ಅಂಟಿದೆಯೆಂಬುದನ್ನೂ ನೋಡಬೇಕು. ಪ್ರಮಾಣಕರ್ತರ ವಯಸ್ಸೂ ಒಂದು ಬಗೆಯ ತೇದಿಯೇ. 1958ರ ಜೂನ್ 1ರಂದು ಹುಟ್ಟಿದವರು 2022ರ ಸೆಪ್ಟೆಂಬರಿನಲ್ಲಿ ಪ್ರಮಾಣ ಮಾಡಿದರೆ ವಯಸ್ಸು 64 ಆಗುವುದೇ ಹೊರತು, ಹಳೆಯ ಕರಡಿನಿಂದ ಎತ್ತಿಕೊಂಡ 61 ಆಗಲಾರದು.

ಈ ತಾಳೆ ನೋಡುವ ಕೆಲಸವನ್ನು ಒಬ್ಬರೇ ಮಾಡುವುದು ಕಷ್ಟ. ಇಬ್ಬರು ಕುಳಿತು, ಒಬ್ಬರು ಕನ್ನಡವನ್ನು ನಿಧಾನವಾಗಿ ಓದುತ್ತಿರಲು ಇನ್ನೊಬ್ಬರು ಇಂಗ್ಲಿಷಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಬೇಕು. ಬಳಿಕ ಪಾತ್ರ ಬದಲಾಯಿಸಿಕೊಂಡು ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕು, ಏಕೆಂದರೆ ಕನ್ನಡದಿಂದ ಹೊರಟವರಿಗೆ ಬಿಟ್ಟುಹೋದುದು ಕಾಣುತ್ತದೆ, ಇಂಗ್ಲಿಷಿನಿಂದ ಹೊರಟವರಿಗೆ ಸೇರಿಕೊಂಡುದು ಕಾಣುತ್ತದೆ. ಒಂದೇ ಓದಿನಲ್ಲಿ ಎಲ್ಲವನ್ನೂ ನೋಡುವ ಆಸೆ ಬೇಡ. ಹೆಸರುಗಳಿಗೆಂದು ಒಂದು ಓದು, ಅಂಕಿ ಮತ್ತು ತೇದಿಗಳಿಗೆಂದು ಒಂದು ಓದು ಇರಲಿ, ಅರ್ಥದ ಓದು ಇವುಗಳಿಂದ ಬೇರೆ ಇರಲಿ. ಇನಿಷಿಯಲ್ಲುಗಳನ್ನು ಮಾತ್ರ ಕಿವಿಯ ಮೇಲೆ ಬಿಡಬಾರದು. ‘ಎಂ’ ಮತ್ತು ‘ಎನ್’ ಕೇಳಲು ಒಂದೇ ಆಗಿರುವುದರಿಂದ ಅವನ್ನು ಕಣ್ಣಿನಿಂದಲೇ ನೋಡಬೇಕು. ಕಡೆಯಲ್ಲಿ ಕಂಡಿಕೆಗಳ ಸಂಖ್ಯೆಯನ್ನು ಎಣಿಸುವುದನ್ನು ಮರೆಯತಕ್ಕದ್ದಲ್ಲ. ಕನ್ನಡದಲ್ಲಿ ಆರು ಕಂಡಿಕೆಗಳಿದ್ದು, ಕೊನೆಯ ದೃಢೀಕರಣ ವಾಕ್ಯವು ‘1ರಿಂದ 6ರವರೆಗಿನ ಕಂಡಿಕೆಗಳಲ್ಲಿ ಹೇಳಿದುದೆಲ್ಲ ನನ್ನ ಅರಿವಿಗೆ ಸತ್ಯ’ ಎನ್ನುತ್ತದೆ. ಅನುವಾದಕನು ದೀರ್ಘವಾದ ನಾಲ್ಕನೆಯ ಕಂಡಿಕೆಯನ್ನು ಓದುವವರ ಅನುಕೂಲಕ್ಕಾಗಿ ಎರಡಾಗಿ ಒಡೆದಿದ್ದರೆ, ಇಂಗ್ಲಿಷಿನಲ್ಲಿ ಏಳು ಕಂಡಿಕೆಗಳಾಗುತ್ತವೆ. ದೃಢೀಕರಣ ಮಾತ್ರ ಆರರಲ್ಲಿಯೇ ನಿಲ್ಲುತ್ತದೆ. ಏಳನೆಯದು, ಅದು ಬಹುಶಃ ‘ಬೇರೆ ಯಾವ ವಾರಸುದಾರರೂ ಇಲ್ಲ’ ಎಂಬ ಮುಖ್ಯ ಹೇಳಿಕೆಯೇ ಆಗಿರಬಹುದು, ಯಾರ ಪ್ರಮಾಣವೂ ಇಲ್ಲದೆ ಹೊರಗುಳಿಯುತ್ತದೆ.

ತಪ್ಪು ಸಿಕ್ಕಿದ ಮೇಲೆ ಮಾಡಬೇಕಾದುದೇನೆಂಬುದು ಪ್ರಮಾಣವಾಗಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಆಗಿಲ್ಲದಿದ್ದರೆ ಪುಟವನ್ನೇ ಹೊಸದಾಗಿ ಮುದ್ರಿಸಿಕೊಳ್ಳುವುದು ಉತ್ತಮ; ಛಾಪಾ ಕಾಗದದ ಮೇಲೆ ಆಗಲೇ ಮುದ್ರಿತವಾಗಿದ್ದು ಬದಲಾಯಿಸಲು ಬಾರದಿದ್ದರೆ, ತಪ್ಪಾದ ಪದದ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ಪ್ರಮಾಣ ಸ್ವೀಕರಿಸುವ ಸಮಯದಲ್ಲಿಯೇ ಅಂಚಿನಲ್ಲಿ ಪ್ರಮಾಣಕರ್ತರ ಸಹಿಯನ್ನೂ ನೋಟರಿಯವರ ಸಹಿಯನ್ನೂ ಪಡೆಯಬೇಕು. ಬಿಳಿಯ ಬಣ್ಣ ಬಳಿದು ಮೇಲೆ ಬರೆದ ಕಾಗದವನ್ನು ನಾನಂತೂ ಯಾವ ಕಚೇರಿಗೂ ಒಯ್ಯಲು ಸಲಹೆ ಮಾಡೆನು. ಪ್ರಮಾಣವಾದ ಮೇಲೆ ಕನ್ನಡದ ಮೂಲದಲ್ಲಿ ತಪ್ಪು ಕಂಡರೆ ಅದನ್ನು ಮುಟ್ಟುವ ಹಕ್ಕು ಯಾರಿಗೂ ಇಲ್ಲ. ಹಿಂದಿನ ಪ್ರಮಾಣಪತ್ರದ ತೇದಿಯನ್ನು ಹೇಳಿ, ಅದರ ಇಂತಹ ಕಂಡಿಕೆಯಲ್ಲಿ ಇಂತಹುದು ತಪ್ಪಾಗಿ ಬಿದ್ದಿದೆ, ಸರಿಯಾದುದು ಇದು ಎಂದು ಹೊಸದೊಂದನ್ನು ಮಾಡಿಕೊಡಬೇಕು, ಅದಕ್ಕೂ ಅನುವಾದ ಬೇಕು. ಮೂಲ ಸರಿಯಾಗಿದ್ದು ಇಂಗ್ಲಿಷಿನಲ್ಲಿ ಮಾತ್ರ ತಪ್ಪಿದ್ದರೆ ತಾಯಿಯನ್ನು ಮತ್ತೆ ನೋಟರಿಯವರ ಮುಂದೆ ನಿಲ್ಲಿಸುವ ಅಗತ್ಯವಿಲ್ಲ; ಅನುವಾದಕನು ಪುಟವನ್ನು ಸರಿಪಡಿಸಿ, ತಾನು ಎರಡು ಭಾಷೆಗಳನ್ನೂ ಬಲ್ಲೆನೆಂದೂ ಇದು ಮೂಲದ ಯಥಾವತ್ತಾದ ಅನುವಾದವೆಂದೂ ಹೇಳುವ ತನ್ನ ಹೇಳಿಕೆಗೆ ಹೊಸ ತೇದಿ ಹಾಕಿ ಸಹಿ ಮಾಡಿದರೆ, ಹಿಂದಿನ ಅನುವಾದಕ್ಕೆ ನೋಟರಿಯವರ ದೃಢೀಕರಣವಿದ್ದ ಪಕ್ಷದಲ್ಲಿ ಅದನ್ನು ಮಾತ್ರ ಹೊಸದಾಗಿ ಪಡೆದರೆ, ಸಾಕು. ಆ ಹೇಳಿಕೆಯಲ್ಲಿ ಮೂಲದ ಛಾಪಾ ಕಾಗದದ ಸಂಖ್ಯೆಯೂ ಪ್ರಮಾಣ ಮಾಡಿದ ದಿನವೂ ಪುಟಗಳ ಲೆಕ್ಕವೂ ಇದ್ದರೆ, ಈ ಅನುವಾದ ಯಾವ ಕಾಗದಕ್ಕೆ ಸೇರಿದ್ದೆಂಬ ಸಂದೇಹ ದೂರದ ಮೇಜಿನ ಮೇಲೆ ಕುಳಿತವನಿಗೂ ಉಳಿಯುವುದಿಲ್ಲ.